ತುಲಾ ಲಗ್ನ, ಕುಜ ಭುಕ್ತಿ, ಮಲ್ಪೆಯ ಬೋಟು

ಕಲಿಯುವವ (ಉಡುಪಿ):
ಜಾತಕ ನೋಡಲು ಶುರು ಮಾಡಿ ಒಂದು ವರ್ಷ ಆಯಿತು. ನಾಳೆ ಮಲ್ಪೆಯಿಂದ ಒಬ್ಬರು ಬರುತ್ತಾರೆ. ವಯಸ್ಸು 46, ತುಲಾ ಲಗ್ನ, ಶನಿ ದಶೆ. ಎರಡು ತಿಂಗಳಲ್ಲಿ ಆ ದಶೆಯೊಳಗಿನ ಕುಜನ ಪಾಲು, ಕುಜ ಭುಕ್ತಿ, ಶುರು. ಕುಜ ಇರುವುದು ಆರನೇ ಮನೆಯಲ್ಲಿ. ಮನೆ ಅಡವಿಟ್ಟು ಎರಡನೇ ಬೋಟು ತೆಗೆಯುವ ಯೋಚನೆಯಲ್ಲಿದ್ದಾರೆ. ಫೋನಿನಲ್ಲಿ ಎದೆ ಉರಿಯ ಮಾತೂ ತೆಗೆದರು. ನನಗೆ ಕಾಣುವುದು ಚೆನ್ನಾಗಿಲ್ಲ. ಹೆದರಿಸದೆ ಹೇಗೆ ಹೇಳುವುದು?

ಶಾಸ್ತ್ರಪ್ರಿಯ:
ತುಲಾ ಲಗ್ನಕ್ಕೆ ಕುಜ ಎರಡು ಮತ್ತು ಏಳರ ಅಧಿಪತಿ. ಎರಡೂ ಮಾರಕ ಸ್ಥಾನ. ಹೋಗಿ ಆರರಲ್ಲಿ ಕೂತಿದ್ದಾನೆ. ರೋಗ, ಸಾಲ ಎರಡೂ ಅಲ್ಲೇ ಬಂತು. ಕಂಡದ್ದನ್ನು ಹೇಳುವುದು ನಮ್ಮ ಕೆಲಸ. ಸಕ್ಕರೆ ಸವರಿದರೆ ಅದು ಮೋಸ.

ಬೆಳ್ಮಣ್ಣಿನ ಹಳಬ:
ಶಾಸ್ತ್ರಪ್ರಿಯರೇ, ಅರ್ಧ ಸರಿ. ಕುಜ ಮಾರಕಾಧಿಪತಿ ಹೌದು. ಆದರೆ ತುಲಾ ಲಗ್ನ ದಿನಕ್ಕೆ ಸುಮಾರು ಎರಡು ಗಂಟೆ ಇರುತ್ತದೆ. ಅಷ್ಟು ಹೊತ್ತಿನಲ್ಲಿ ಹುಟ್ಟಿದ ಎಲ್ಲರಿಗೂ ಅವನೇ ಮಾರಕ. ಅವರೆಲ್ಲ ಕುಜ ಭುಕ್ತಿಯಲ್ಲಿ ಹೋಗುತ್ತಾರಾ? ಮೊದಲು ಆಯುಸ್ಸು ನೋಡಬೇಕು, ಆಮೇಲೆ ಮಾರಕನ ಮಾತು. ಇನ್ನೊಂದು, ಪಾಪಗ್ರಹ ಆರರಲ್ಲಿದ್ದರೆ ಶತ್ರು, ಸಾಲ, ರೋಗವನ್ನು ಗೆಲ್ಲುತ್ತಾನೆ ಅಂತ ನೀವು ಓದಿದ ಶಾಸ್ತ್ರವೇ ಹೇಳುತ್ತದೆ. ಅಂದರೆ ಒಂದು ಮನೆಯಲ್ಲಿ ಎರಡು ಮಾತು ಇದೆ. ಕೆಟ್ಟದ್ದನ್ನು ಮಾತ್ರ ಆರಿಸಿ ಹೇಳಿದರೆ ಅದನ್ನು ಸತ್ಯ ಅನ್ನಲಿಕ್ಕೆ ಆಗುವುದಿಲ್ಲ, ನಿಮ್ಮ ಆಯ್ಕೆ ಅಷ್ಟೆ.

ಪಣಂಬೂರಿನ ರೇ:
ನನ್ನದೂ ತುಲಾ ಲಗ್ನ! ಕುಜ ಭುಕ್ತಿ ಮುಂದಿನ ವರ್ಷ ಅಂತ ಆ್ಯಪ್ ತೋರಿಸ್ತಾ ಉಂಟು. ನಂಗೆ ಏನಾಗ್ತದೆ? ಸುಬ್ರಹ್ಮಣ್ಯಕ್ಕೆ ಹೋಗ್ಲಾ?

ಬೆಳ್ಮಣ್ಣಿನ ಹಳಬ:
ರೇ ಅವರೇ, ಏನೂ ಆಗುವುದಿಲ್ಲ, ನಿದ್ದೆ ಮಾಡಿ. ದೇವಸ್ಥಾನಕ್ಕೆ ಹೋಗುವ ಮನಸ್ಸಿದ್ದರೆ ಹೋಗಿ, ಹೆದರಿ ಹೋಗಬೇಡಿ. (ಶಾಸ್ತ್ರಪ್ರಿಯರೇ, ನೋಡಿದಿರಾ? ಯಾರದೋ ಜಾತಕದ ಮಾತು, ಕಣ್ಣಿಗೆ ಬಿದ್ದದ್ದು ಇನ್ಯಾರಿಗೋ.)

ಈಗ ಕಲಿಯುವವರಿಗೆ. ಮೊದಲು ಎದೆ ಉರಿ. ಅದನ್ನು ಕುಜನ ತಲೆಗೆ ಕಟ್ಟಲೇಬೇಡಿ. ಭುಕ್ತಿಗೆ ಎರಡು ತಿಂಗಳು ಇದೆ, ಉರಿ ಇವತ್ತೇ ಇದೆ. ಜಾತಕ ಬಿಡಿಸುವ ಮೊದಲೇ ಕೇಳಿ: ಡಾಕ್ಟರಿಗೆ ತೋರಿಸಿದ್ದೀರಾ? ಮೆಟ್ಟಿಲು ಹತ್ತುವಾಗ, ಬಲೆ ಎಳೆಯುವಾಗ ಜಾಸ್ತಿ ಆಗಿ, ನಿಂತರೆ ಕಡಿಮೆ ಆಗುತ್ತದಾ? ಬೆವರು, ಕೈಗೆ ಅಥವಾ ದವಡೆಗೆ ನೋವು ಉಂಟಾ? ಹೌದು ಅಂದರೆ ಜಾತಕ ಅಲ್ಲೇ ಮಡಚಿ, ಆ ಕ್ಷಣವೇ ಆಸ್ಪತ್ರೆಗೆ ಕಳಿಸಿ. ಇಲ್ಲ ಅಂದರೂ ಈ ವಾರದೊಳಗೆ ಡಾಕ್ಟರಿಗೆ ತೋರಿಸಲಿ. ಗ್ಯಾಸ್ ಅಂತ ಅವರೂ ತೀರ್ಮಾನ ಮಾಡಬಾರದು, ನೀವೂ ಮಾಡಬಾರದು. ಶಾಂತಿ ಮಾಡಿಸಿದರೆ ಕಡಿಮೆ ಆಗುತ್ತದೆ ಅಂತ ಬಾಯಿ ತಪ್ಪಿಯೂ ಹೇಳಬೇಡಿ. ಗುಳಿಗೆ ನಿಲ್ಲಿಸಿ ಹೋಮಕ್ಕೆ ಕೂತವರನ್ನು ಕಂಡಿದ್ದೇನೆ.

ಕದ್ರಿ ಗುಡ್ಡೆ:
ನಾನು ಇದನ್ನು ನಂಬುವವನಲ್ಲ. ಭವಿಷ್ಯಕ್ಕೇ ಆಧಾರ ಇಲ್ಲದಿದ್ದರೆ ಅದನ್ನು ಮೃದುವಾಗಿ ಹೇಳಿದರೇನು, ಗಟ್ಟಿಯಾಗಿ ಹೇಳಿದರೇನು? ಹೇಳದಿರುವುದೇ ಜವಾಬ್ದಾರಿ.

ಬೆಳ್ಮಣ್ಣಿನ ಹಳಬ:
ಇರಬಹುದು. ಆದರೆ ಆ ಮನುಷ್ಯ ನಾಳೆ ಬಂದು ಕೂರುತ್ತಾರಲ್ಲ, ಇವರು ಏನಾದರೂ ಬಾಯಿ ಬಿಡಲೇಬೇಕು. ನಾವು ಎಷ್ಟು ನಿಶ್ಚಯವಾಗಿ ಹೇಳಬಹುದು ಅಂತ ಲೆಕ್ಕ ಹಾಕಿ ನೋಡಿ, ನಿಮಗೂ ಖುಷಿ ಆದೀತು. ಹುಟ್ಟಿದ ಸಮಯ ಹತ್ತು ನಿಮಿಷ ಆಚೀಚೆ ಆದರೆ, ರಾಹು ದಶೆಯಲ್ಲಿ ಹುಟ್ಟಿದ ಇವರಂಥವರ ಜಾತಕದಲ್ಲಿ ದಶೆಯ ತಾರೀಕು ಸುಮಾರು ಒಂದೂವರೆ ತಿಂಗಳು ಜರಗುತ್ತದೆ. ರಾಶಿಚಕ್ರ ಎಲ್ಲಿಂದ ಶುರು ಅಂತ ಹಿಡಿಯುವ ಲೆಕ್ಕವೇ ಅಯನಾಂಶ; ಅದರಲ್ಲಿ ಲಾಹಿರಿ ಬಿಟ್ಟು ರಾಮನ್ ಹಿಡಿದರೆ ಹತ್ತಿರ ಹತ್ತಿರ ಎರಡು ವರ್ಷ. ಶನಿ ದಶೆಯ ಕುಜ ಭುಕ್ತಿ ಇರುವುದೇ 1 ವರ್ಷ 1 ತಿಂಗಳು 9 ದಿನ. ಅಯನಾಂಶ ಬದಲಿಸಿದರೆ ಇಡೀ ಭುಕ್ತಿಯೇ ಬೇರೆ ಕಡೆ ಹೋಗಿ ಕೂತಿತು! ಹಾಗಿರುವಾಗ "ಇಂಥ ತಿಂಗಳಲ್ಲಿ ಕಂಟಕ" ಅನ್ನಲಿಕ್ಕೆ ಯಾವ ಧೈರ್ಯ?

ಕದ್ರಿ ಗುಡ್ಡೆ:
ಇದು ನನ್ನ ವಾದವೇ ಆಯಿತಲ್ಲ ಮಾರಾಯ್ರೆ.

ಬಿಜೈ ಅಕ್ಕ:
ನಾನು ಎದುರು ಕೂತು ಕೇಳಿಸಿಕೊಂಡವಳು, ಅದಕ್ಕೆ ಹೇಳುತ್ತೇನೆ. ಒಬ್ಬರು ಗಂಡನ ಜಾತಕ ನೋಡಿ ಏನೂ ಹೇಳಲಿಲ್ಲ. ಎರಡು ಸಲ "ಹ್ಮ್" ಅಂದರು. ಕನ್ನಡಕ ತೆಗೆದರು. ಆಮೇಲೆ "ಸ್ವಲ್ಪ ಜಾಗ್ರತೆ ಇರಲಿ" ಅಂದರು, ಅಷ್ಟೇ. ಯಾವುದಕ್ಕೆ ಜಾಗ್ರತೆ, ಎಷ್ಟು ದಿನ, ಏನೂ ಇಲ್ಲ. ಮೂರು ವರ್ಷ ಅವರು ಸ್ಕೂಟರ್ ಹತ್ತಿದರೆ ನನ್ನ ಜೀವ ಕೈಯಲ್ಲಿ. ಏನೂ ಆಗಲಿಲ್ಲ. ನೇರ ಹೇಳಿದ್ದರೂ ಅಷ್ಟು ಹೆದರುತ್ತಿರಲಿಲ್ಲವೋ ಏನೋ.

ಬೆಳ್ಮಣ್ಣಿನ ಹಳಬ:
ಅಕ್ಕ, ಇದನ್ನು ನಮಗೆ ಯಾರೂ ಕಲಿಸುವುದಿಲ್ಲ. ಮೃದು ಮಾತು ಅಂದುಕೊಂಡು ಅಸ್ಪಷ್ಟ ಮಾತು ಆಡುತ್ತೇವೆ. ಖಾಲಿ ಬಿಟ್ಟ ಜಾಗವನ್ನು ಕೇಳಿದವರು ತಮ್ಮ ಹೆದರಿಕೆಯಿಂದ ತುಂಬಿಸಿಕೊಳ್ಳುತ್ತಾರೆ. ಆದ್ದರಿಂದ ಎದುರು ಕೂರಿಸಿಕೊಂಡು ಲೆಕ್ಕ ಹಾಕುವುದೇ ಬೇಡ. ಹಿಂದಿನ ದಿನ ನೋಡಿ, ಏನು ಹೇಳುವುದು ಅಂತ ಎರಡು ಸಾಲು ಬರೆದಿಡಿ.

ದುಡ್ಡಿನ ಮಾತಿಗೆ ಬರೋಣ. ಇಲ್ಲಿ ಜಾತಕಕ್ಕಿಂತ ಮೊದಲು ಕಡಲು ನೋಡಿ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ದುಡಿಮೆ ಹತ್ತು ತಿಂಗಳು, ಕಂತು ಹನ್ನೆರಡು ತಿಂಗಳು. ಎರಡು ಬೋಟು ಆದರೆ ದಡದಲ್ಲಿ ನಿಂತ ಎರಡಕ್ಕೂ ರಿಪೇರಿ. ಮೊದಲ ಬೋಟಿನ ಸಾಲ ಎಷ್ಟು ಬಾಕಿ ಅಂತ ಕೇಳಿ. ಆಮೇಲೆ ಹೀಗೆ ಹೇಳಿ ನೋಡಿ:

"ಎರಡು ತಿಂಗಳು ಕಳೆದ ಮೇಲೆ ಸುಮಾರು ಹದಿಮೂರು ತಿಂಗಳ ಕಾಲ ಸಾಲದ ವಿಷಯದಲ್ಲಿ ಅವಸರ ಬೇಡ ಅನ್ನುವ ಸೂಚನೆ ನನಗೆ ಕಾಣುತ್ತದೆ. ಇದು ನಿಶ್ಚಯ ಅಲ್ಲ, ಗೆಲ್ಲುವ ಸೂಚನೆಯೂ ಅದೇ ಮನೆಯಲ್ಲಿ ಇದೆ. ಎರಡು ತಿಂಗಳು ಬೋಟು ನಿಂತಾಗ ಕಂತು ಎಲ್ಲಿಂದ ಬರುತ್ತದೆ ಅಂತ ಬ್ಯಾಂಕಿನವರ ಜೊತೆ ಕೂತು ಬರೆದು ನೋಡಿ. ಅದು ಹೊಂದಿದರೆ ನನ್ನ ಮಾತಿಗೋಸ್ಕರ ನಿಲ್ಲಿಸಬೇಡಿ."

ಯಾವ ವಿಷಯ, ಎಷ್ಟು ಕಾಲ, ಎಷ್ಟು ನಂಬಬಹುದು, ನಾಳೆ ಬೆಳಿಗ್ಗೆ ಏನು ಮಾಡುವುದು, ಎಲ್ಲ ಅದರಲ್ಲಿ ಇದೆ. ಮುಗಿಯುವ ಕಾಲ ಹೇಳುವುದನ್ನು ಮರೆಯಬೇಡಿ. ಮಾರಕ ಅನ್ನುವ ಶಬ್ದ ನಿಮ್ಮ ಪುಸ್ತಕದಲ್ಲೇ ಇರಲಿ.

ಶಾಸ್ತ್ರಪ್ರಿಯ:
ಪರಿಹಾರ ಹೇಳುವುದು ಬೇಡವೋ? ಸಮಸ್ಯೆ ಹೇಳಿ ಬರಿಗೈಯಲ್ಲಿ ಕಳಿಸಿದರೆ ಜಾಸ್ತಿ ಹೆದರುತ್ತಾರೆ.

ಬೆಳ್ಮಣ್ಣಿನ ಹಳಬ:
ಇದು ನ್ಯಾಯದ ಪ್ರಶ್ನೆ. ನಾನು ಅವರ ಮನೆದೇವರಿಗೆ ಒಂದು ದೀಪ ಅನ್ನುತ್ತೇನೆ, ಖರ್ಚಿನ ಶಾಂತಿ ನನ್ನ ಬಾಯಲ್ಲಿ ಬರುವುದಿಲ್ಲ. ಹೆದರಿಕೆ ಹುಟ್ಟಿಸಿದವನೇ ಅದಕ್ಕೆ ದುಡ್ಡು ತೆಗೆದುಕೊಂಡರೆ ಅವನ ಮಾತು ಯಾಕೆ ನಂಬಬೇಕು?

ಶಾಸ್ತ್ರಪ್ರಿಯ:
ಹಾಗಾದರೆ ಪುರೋಹಿತರ ಹೊಟ್ಟೆಪಾಡು? ಒಪ್ಪುವುದಿಲ್ಲ.

ಕಲಿಯುವವ (ಉಡುಪಿ):
ಇವತ್ತು ಬಂದಿದ್ದರು. ಎದೆ ಉರಿಯನ್ನೇ ಮೊದಲು ಕೇಳಿದೆ. ಬಲೆ ಎಳೆಯುವಾಗ ಜಾಸ್ತಿ ಅಂದರು. ಜಾತಕ ತೆರೆಯಲಿಲ್ಲ. ಮಗನಿಗೆ ಫೋನ್ ಮಾಡಿಸಿ ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದೆ. ಬೋಟಿನ ಮಾತು ಇನ್ನೊಂದು ದಿನ. ಸಂಜೆ ಅವರ ಹೆಂಡತಿ ಫೋನ್ ಮಾಡಿ, "ಅವರ ಜಾತಕದಲ್ಲಿ ಏನಾದರೂ ಉಂಟಾ, ನನಗೆ ಮಾತ್ರ ಹೇಳಿ" ಅಂದರು. ಏನು ಹೇಳಲಿ?

ಬೆಳ್ಮಣ್ಣಿನ ಹಳಬ:
ಡಾಕ್ಟರ್ ಏನು ಹೇಳಿದರು ಅಂತ ಕೇಳಿ. ಜಾತಕ ಅವರ ಯಜಮಾನರದ್ದು, ಅವರು ಜೊತೆಗಿರುವಾಗಲೇ ಮಾತಾಡುವ ಅನ್ನಿ.

ಬಿಜೈ ಅಕ್ಕ:
ಅಷ್ಟು ಹೇಳಿದರೂ ಅವಳಿಗೆ ಇವತ್ತು ನಿದ್ದೆ ಬರುವುದಿಲ್ಲ. "ನಾನಿನ್ನೂ ಜಾತಕ ನೋಡಿ ಏನನ್ನೂ ಹೇಳಿಲ್ಲ" ಅಂತಲೂ ಸೇರಿಸಿ.