ಅಮಿಯೊಡರೋನ್ ಮಾತ್ರೆ ಮತ್ತು ಥೈರಾಯ್ಡ್: ಒಂದೇ ಅಯೋಡಿನ್‌ನಿಂದ ಎರಡು ತದ್ವಿರುದ್ಧ ತೊಂದರೆ ಹೇಗೆ?

ಪ್ರಶ್ನೆ (ಸದಸ್ಯೆ, ಶಿರಸಿ): ನಮ್ಮ ತಂದೆಯವರಿಗೆ 68 ವರ್ಷ. ಎದೆಬಡಿತದ ಲಯ ತಪ್ಪುತ್ತಿದ್ದುದರಿಂದ ಆರು ವಾರಗಳಿಂದ ದಿನಕ್ಕೆ 200 ಮಿಲಿಗ್ರಾಂ ಅಮಿಯೊಡರೋನ್ ತೆಗೆದುಕೊಳ್ಳುತ್ತಿದ್ದಾರೆ. ಮಾತ್ರೆ ಶುರು ಮಾಡುವ ಮೊದಲು ಟಿಎಸ್‌ಎಚ್ 2.1 ಇತ್ತು, ಈಗ 9.4 ಆಗಿದೆ. ಫ್ರೀ ಟಿ4 1.9 ಇದೆ, ವರದಿಯಲ್ಲಿ ಮೇಲ್ಮಿತಿ 1.7 ಎಂದಿದೆ. ಸುಸ್ತು, ಊತ ಯಾವುದೂ ಇಲ್ಲ. ಇದು ಥೈರಾಯ್ಡ್ ಕಡಿಮೆಯಾಗಿರುವುದೇ? ಇದೇ ಮಾತ್ರೆಯಿಂದ ನೆಂಟರೊಬ್ಬರಿಗೆ ಥೈರಾಯ್ಡ್ ಹೆಚ್ಚಾಗಿತ್ತು. ಎರಡೂ ಹೇಗೆ ಸಾಧ್ಯ?

ಔಷಧ ಅಂಗಡಿ ನಡೆಸುವ ಸದಸ್ಯರು: ಈ ಮಾತ್ರೆಯಲ್ಲಿ ಅಯೋಡಿನ್ ತುಂಬಾ ಇದೆ, ಅದರಿಂದಲೇ ಈ ತೊಂದರೆ. ಮನೆಯಲ್ಲಿ ಅಯೋಡಿನ್ ಉಪ್ಪನ್ನು ನಿಲ್ಲಿಸಿ ಕಲ್ಲುಪ್ಪು ಬಳಸಿದರೆ ಟಿಎಸ್‌ಎಚ್ ತಾನಾಗಿಯೇ ಇಳಿಯುತ್ತದೆ ಎಂದು ನನ್ನ ಅಭಿಪ್ರಾಯ.

ಹಾರ್ಮೋನ್ ತಜ್ಞೆ: ತೊಂದರೆಯ ಮೂಲವನ್ನು ನೀವು ಸರಿಯಾಗಿಯೇ ಗುರುತಿಸಿದ್ದೀರಿ, ಆದರೆ ಉಪ್ಪಿನ ಸಲಹೆಗೆ ಲೆಕ್ಕ ಕೂಡುವುದಿಲ್ಲ. ಅಮಿಯೊಡರೋನ್‌ನ ತೂಕದಲ್ಲಿ ನೂರಕ್ಕೆ 37 ಭಾಗ ಅಯೋಡಿನ್ ಇದೆ. 200 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಸುಮಾರು 75 ಮಿಲಿಗ್ರಾಂ ಆಯಿತು. ಅದರಲ್ಲಿ ಹತ್ತರಲ್ಲೊಂದು ಭಾಗದಷ್ಟು, ಅಂದರೆ 6ರಿಂದ 7 ಮಿಲಿಗ್ರಾಂ, ಪ್ರತಿದಿನ ಬಿಡುಗಡೆಯಾಗಿ ರಕ್ತಕ್ಕೆ ಸೇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಿರುವುದು 0.15 ಮಿಲಿಗ್ರಾಂ ಮಾತ್ರ. ಕಿಲೋಗೆ 15 ಮಿಲಿಗ್ರಾಂ ಅಯೋಡಿನ್ ಇರುವ ಉಪ್ಪಿನಿಂದ 6 ಮಿಲಿಗ್ರಾಂ ಪಡೆಯಬೇಕಾದರೆ ದಿನಕ್ಕೆ 400 ಗ್ರಾಂ ಉಪ್ಪು ತಿನ್ನಬೇಕಾಗುತ್ತದೆ. ಹೀಗಿರುವಾಗ ಸಾರಿಗೆ ಹಾಕುವ ಉಪ್ಪನ್ನು ಬದಲಿಸಿದರೆ ತಂದೆಯವರ ಟಿಎಸ್‌ಎಚ್ ಅಲುಗಾಡುವುದಿಲ್ಲ, ಮನೆಯ ಉಳಿದವರು ಮಾತ್ರ ತಮಗೆ ಬೇಕಾದ ಅಯೋಡಿನ್ ಕಳೆದುಕೊಳ್ಳುತ್ತಾರೆ.

ಈಗ ಶಿರಸಿಯವರ ವರದಿಗೆ ಬರುತ್ತೇನೆ. ಇದನ್ನು ಈಗಲೇ ಥೈರಾಯ್ಡ್ ಕಡಿಮೆ ಎಂದು ಕರೆಯಲಾಗದು. ಥೈರಾಯ್ಡ್ ಗ್ರಂಥಿ ನಿಜವಾಗಿ ಸೋತಿದ್ದರೆ, ಅದನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್ ಏರುವುದರ ಜೊತೆಗೆ ಗ್ರಂಥಿಯೇ ಮಾಡುವ ಹಾರ್ಮೋನಾದ ಫ್ರೀ ಟಿ4 ಇಳಿಯಬೇಕಿತ್ತು, ಇಲ್ಲಿ ಎರಡೂ ಏರಿವೆ. ಟಿ4 ಅನ್ನು ಹೆಚ್ಚು ಪ್ರಬಲವಾದ ಟಿ3 ಹಾರ್ಮೋನ್ ಆಗಿ ಬದಲಿಸುವ ಕಿಣ್ವಕ್ಕೆ ಅಮಿಯೊಡರೋನ್ ತಡೆ ಒಡ್ಡುತ್ತದೆ. ಆದ್ದರಿಂದ ಟಿ4 ರಕ್ತದಲ್ಲಿ ಉಳಿದು ಏರುತ್ತದೆ, ಟಿ3 ತಗ್ಗುತ್ತದೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನ್ ಸಾಲದೆಂದು ಭಾವಿಸಿ ಟಿಎಸ್‌ಎಚ್ ಹೆಚ್ಚಿಸುತ್ತದೆ. ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ 20ರ ಒಳಗೆ ಏರುವುದು ಸಾಮಾನ್ಯ, ಅನಂತರ ಬಹಳಷ್ಟು ಜನರಲ್ಲಿ ತಾನಾಗಿಯೇ ಮೊದಲಿನ ಮಟ್ಟಕ್ಕೆ ಬರುತ್ತದೆ. ಆರನೇ ವಾರದ ಒಂದು ಟಿಎಸ್‌ಎಚ್ ಅಂಕಿಯನ್ನೇ ನೆಚ್ಚಿ ಥೈರಾಕ್ಸಿನ್ ಶುರು ಮಾಡಿದರೆ, ಮೊದಲೇ ಲಯ ತಪ್ಪುವ ಹೃದಯಕ್ಕೆ ಬೇಡದ ಹಾರ್ಮೋನ್ ಕೊಟ್ಟಂತಾಗುತ್ತದೆ.

ಎರಡು ತದ್ವಿರುದ್ಧ ತೊಂದರೆಗಳ ಪ್ರಶ್ನೆಗೆ ಉತ್ತರ, ಗ್ರಂಥಿ ಮೊದಲು ಯಾವ ಸ್ಥಿತಿಯಲ್ಲಿತ್ತು ಎಂಬುದರಲ್ಲಿದೆ. ಅಯೋಡಿನ್ ಒಮ್ಮೆಲೇ ಹೆಚ್ಚಾದರೆ ಆರೋಗ್ಯವಂತ ಗ್ರಂಥಿ ಕೆಲಕಾಲ ಹಾರ್ಮೋನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಇದನ್ನು ವುಲ್ಫ್ ಮತ್ತು ಚೈಕಾಫ್ 1948ರಲ್ಲಿ ಇಲಿಗಳಲ್ಲಿ ತೋರಿಸಿದರು. ಕೆಲವು ದಿನಗಳಲ್ಲಿ ಗ್ರಂಥಿ ತಾನು ಒಳಗೆಳೆದುಕೊಳ್ಳುವ ಅಯೋಡಿನ್ ಅನ್ನು ಕಡಿಮೆ ಮಾಡಿಕೊಂಡು ಮತ್ತೆ ಕೆಲಸಕ್ಕೆ ತೊಡಗುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೊದಲಿನಿಂದ ಗ್ರಂಥಿಯನ್ನು ಹಾಳುಗೆಡವುತ್ತಿದ್ದರೆ, ಅದು ಈ ತಡೆಯಿಂದ ಹೊರಬರಲಾರದೆ ಅಲ್ಲೇ ಉಳಿಯುತ್ತದೆ. ಆಗ ಥೈರಾಯ್ಡ್ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಗಂಟುಗಳಿರುವ ಹಳೆಯ ಗಳಗಂಡದಲ್ಲಿ ಕೆಲವು ಭಾಗಗಳು ಯಾರ ಹತೋಟಿಗೂ ಸಿಗದೆ ಹಾರ್ಮೋನ್ ಮಾಡುತ್ತಿರುತ್ತವೆ, ಅಯೋಡಿನ್ ಸಾಲದು ಎಂಬುದೊಂದೇ ಅವುಗಳಿಗಿದ್ದ ಕಡಿವಾಣ. ಅದು ಹೇರಳವಾಗಿ ಸಿಕ್ಕಾಗ ಥೈರಾಯ್ಡ್ ಹೆಚ್ಚುತ್ತದೆ. 1984ರಲ್ಲಿ ಪ್ರಕಟವಾದ ಹೋಲಿಕೆಯೊಂದರಲ್ಲಿ, ಆಹಾರದಲ್ಲಿ ಅಯೋಡಿನ್ ಕಡಿಮೆಯಿದ್ದ ಇಟಲಿಯ ಪಶ್ಚಿಮ ಟಸ್ಕನಿಯಲ್ಲಿ ಈ ಔಷಧ ಪಡೆದ ನೂರರಲ್ಲಿ ಸುಮಾರು 10 ಮಂದಿಗೆ ಥೈರಾಯ್ಡ್ ಹೆಚ್ಚಾಗಿತ್ತು, 5 ಮಂದಿಗೆ ಕಡಿಮೆಯಾಗಿತ್ತು. ಅಯೋಡಿನ್ ಸಾಕಷ್ಟಿದ್ದ ಅಮೆರಿಕದ ವೂಸ್ಟರ್‌ನಲ್ಲಿ 2 ಮಂದಿಗೆ ಹೆಚ್ಚಾಗಿತ್ತು, 22 ಮಂದಿಗೆ ಕಡಿಮೆಯಾಗಿತ್ತು. ಮಾತ್ರೆ ಒಂದೇ, ಅದು ಹೋಗಿ ಸೇರಿದ ಗ್ರಂಥಿಗಳು ಬೇರೆ.

ನಿವೃತ್ತ ಶಿಕ್ಷಕರು, ಹಾಸನ: ಮೇಡಂ, ನನಗೆ ಗಳಗಂಡ ಎಂದೂ ಇರಲಿಲ್ಲ. ಎರಡು ವರ್ಷ ಈ ಮಾತ್ರೆ ನುಂಗಿದರೂ ಏನೂ ಆಗಿರಲಿಲ್ಲ. ಆಮೇಲೆ ತೂಕ ಇಳಿಯುತ್ತಾ ಬಂತು, ನಿಂತಿದ್ದ ಲಯದ ತೊಂದರೆ ಮರಳಿ ಬಂತು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಪ್ರಮಾಣ ಬದಲಿಸದಿದ್ದರೂ ಅದರ ಪರಿಣಾಮ ಅಳೆಯುವ ಐಎನ್‌ಆರ್ 5 ದಾಟಿತು. ಕೈನಡುಕವಾಗಲಿ ಬೆವರಾಗಲಿ ಇರಲೇ ಇಲ್ಲ. ಟಿಎಸ್‌ಎಚ್ ನೋಡಿದಾಗ 0.01ಕ್ಕಿಂತ ಕಡಿಮೆ ಇತ್ತು. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಕೊಟ್ಟ ಮೇಲೆ ಸರಿಹೋಯಿತು. ನನ್ನದು ಯಾವ ಲೆಕ್ಕಕ್ಕೆ ಬರುತ್ತದೆ?

ಹಾರ್ಮೋನ್ ತಜ್ಞೆ: ಈ ಮಾತ್ರೆಯಿಂದ ಥೈರಾಯ್ಡ್ ಹೆಚ್ಚಾಗುವುದರಲ್ಲಿ ಎರಡು ಬಗೆಗಳಿವೆ. ಗಳಗಂಡದ ಗಂಟುಗಳು ಹೆಚ್ಚು ಹಾರ್ಮೋನ್ ಮಾಡುವುದು ಮೊದಲ ಬಗೆ, ನೀವು ಹೇಳುವ ಚಿತ್ರ ಎರಡನೆಯ ಬಗೆಗೆ ಹೊಂದುತ್ತದೆ, ಸರ್. ಇದರಲ್ಲಿ ಗ್ರಂಥಿ ಹೊಸದಾಗಿ ಹಾರ್ಮೋನ್ ಮಾಡುವುದಿಲ್ಲ. ಔಷಧವು ಗ್ರಂಥಿಯ ಜೀವಕೋಶಗಳಿಗೆ ಹಾನಿ ಮಾಡುವುದರಿಂದ ಒಳಗೆ ಕೂಡಿಟ್ಟಿದ್ದ ಹಾರ್ಮೋನ್ ಸೋರಿ ರಕ್ತಕ್ಕೆ ಬರುತ್ತದೆ. ಗಂಟುಗಳಿಲ್ಲದ ಗ್ರಂಥಿಯಲ್ಲೂ ಇದು ಆಗುತ್ತದೆ, ಬಹಳ ಸಲ ಎರಡು ವರ್ಷ ಕಳೆದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಹಾರ್ಮೋನ್ ತಯಾರಿಕೆಯನ್ನು ತಡೆಯುವ ಕಾರ್ಬಿಮಜೋಲ್ ಇದಕ್ಕೆ ಹೆಚ್ಚೇನೂ ಮಾಡಲಾರದು, ಆದ್ದರಿಂದಲೇ ನಿಮಗೆ ಸ್ಟೀರಾಯ್ಡ್ ಕೊಟ್ಟರು. ಮೊದಲ ಬಗೆಗಾದರೆ ಕಾರ್ಬಿಮಜೋಲೇ ಬೇಕು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಗ್ರಂಥಿಯೊಳಗಿನ ರಕ್ತಸಂಚಾರ ಹೆಚ್ಚಿದ್ದರೆ ಮೊದಲ ಬಗೆ, ಇಲ್ಲವೇ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ಎರಡನೆಯದು ಎಂದು ಅಂದಾಜಿಸುತ್ತೇವೆ. ಎರಡೂ ಬೆರೆತ ರೋಗಿಗಳೂ ಇರುತ್ತಾರೆ, ಅವರಿಗೆ ಕೆಲವೊಮ್ಮೆ ಎರಡೂ ಔಷಧಗಳನ್ನು ಒಟ್ಟಿಗೆ ಕೊಡಬೇಕಾಗುತ್ತದೆ.

ನಿಮ್ಮ ಅನುಭವವನ್ನು ಇಲ್ಲಿರುವ ಎಲ್ಲರೂ ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಮಿಯೊಡರೋನ್ ಹೃದಯದ ವೇಗವನ್ನು ತಾನೇ ತಗ್ಗಿಸುವುದರಿಂದ ನಡುಕ, ಬೆವರು, ಎದೆಬಡಿತ ಮರೆಯಾಗಿಬಿಡುತ್ತವೆ. ಕಾರಣವಿಲ್ಲದೆ ಐಎನ್‌ಆರ್ ಏರಿದರೆ, ಹತೋಟಿಯಲ್ಲಿದ್ದ ಲಯ ಮತ್ತೆ ತಪ್ಪಿದರೆ ಅಂದೇ ಟಿಎಸ್‌ಎಚ್ ಮಾಡಿಸಬೇಕು.

ಔಷಧ ಅಂಗಡಿ ನಡೆಸುವ ಸದಸ್ಯರು: ಹಾಗಾದರೆ ಥೈರಾಯ್ಡ್ ಹೆಚ್ಚಾದ ಕೂಡಲೇ ಅಮಿಯೊಡರೋನ್ ನಿಲ್ಲಿಸುವುದೇ ಸರಿಯಲ್ಲವೇ?

ಹಾರ್ಮೋನ್ ತಜ್ಞೆ: ಈ ವಿಷಯದಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಔಷಧ ಕೊಬ್ಬಿನಲ್ಲಿ ಶೇಖರವಾಗಿ ತಿಂಗಳುಗಟ್ಟಲೆ ಉಳಿಯುವುದರಿಂದ, ನಿಲ್ಲಿಸಿದ ಮಾತ್ರಕ್ಕೆ ಅಯೋಡಿನ್ ನಿಲ್ಲುವುದಿಲ್ಲ. ಮಾತ್ರೆ ಬಿಟ್ಟು ಹಲವು ತಿಂಗಳಾದ ಮೇಲೆ ಮೊದಲ ಬಾರಿಗೆ ಥೈರಾಯ್ಡ್ ಹೆಚ್ಚಾದವರನ್ನೂ ನೋಡುತ್ತೇವೆ. ಬೇರೆ ಯಾವ ಔಷಧಕ್ಕೂ ಬಗ್ಗದ, ಪ್ರಾಣಕ್ಕೇ ಅಪಾಯ ತರುವ ಲಯದೋಷವಿದ್ದರೆ ಮುಂದುವರಿಸಿಕೊಂಡೇ ಚಿಕಿತ್ಸೆ ಕೊಡುತ್ತೇವೆ. ಆ ನಿರ್ಧಾರವನ್ನು ಹೃದ್ರೋಗ ತಜ್ಞರೊಂದಿಗೆ ಕುಳಿತೇ ಮಾಡಬೇಕು, ಮನೆಯವರು ತಾವಾಗಿ ನಿಲ್ಲಿಸಬಾರದು.

ಪ್ರಶ್ನೆ ಕೇಳಿದ ಸದಸ್ಯೆ: ಧನ್ಯವಾದಗಳು, ಮೇಡಂ. ನಿಮ್ಮ ಉತ್ತರ ಓದಿ ಹಳೆಯ ಕಡತ ತೆಗೆದು ನೋಡಿದೆ. ಎರಡು ವರ್ಷಗಳ ಹಿಂದಿನ ವರದಿಯಲ್ಲಿ ಆಂಟಿ ಟಿಪಿಒ ಪಾಸಿಟಿವ್ ಎಂದಿದೆ. ಆಗ ಯಾರೂ ಏನೂ ಹೇಳಿರಲಿಲ್ಲ.

ಹಾರ್ಮೋನ್ ತಜ್ಞೆ: ಇದು ತುಂಬಾ ಉಪಯುಕ್ತ ಮಾಹಿತಿ. ಆಂಟಿ ಟಿಪಿಒ ಪಾಸಿಟಿವ್ ಎಂದರೆ ರೋಗನಿರೋಧಕ ವ್ಯವಸ್ಥೆ ಥೈರಾಯ್ಡ್ ಗ್ರಂಥಿಯ ಮೇಲೆ ತಿರುಗಿಬಿದ್ದಿರುವುದರ ಗುರುತು. ನಾನು ಮೇಲೆ ಹೇಳಿದ, ತಡೆಯಿಂದ ಹೊರಬರಲಾರದ ಗ್ರಂಥಿಗಳಲ್ಲಿ ನಿಮ್ಮ ತಂದೆಯವರದೂ ಒಂದಿರಬಹುದು. ಇಂದಿನ ವರದಿಯ ಅರ್ಥ ಇದರಿಂದ ಬದಲಾಗುವುದಿಲ್ಲ, ಆದರೆ ಮುಂದೆ ನಿಜವಾಗಿ ಕಡಿಮೆಯಾಗುವ ಸಾಧ್ಯತೆ ಅವರಿಗೆ ಇತರರಿಗಿಂತ ಹೆಚ್ಚು. ಆದ್ದರಿಂದ ಆರು ತಿಂಗಳಿಗೊಮ್ಮೆ ಎಂಬ ವಾಡಿಕೆಗೆ ಕಾಯದೆ, ಮಾತ್ರೆ ಶುರುವಾಗಿ ಮೂರು ತಿಂಗಳಾದ ಕೂಡಲೇ ಟಿಎಸ್‌ಎಚ್ ಮತ್ತು ಫ್ರೀ ಟಿ4 ಎರಡನ್ನೂ ಮಾಡಿಸಿ, ಹಳೆಯ ಆಂಟಿ ಟಿಪಿಒ ವರದಿಯನ್ನೂ ವೈದ್ಯರಿಗೆ ತೋರಿಸಿ. ಅಷ್ಟರೊಳಗೆ ಚಳಿ ತಡೆಯಲಾಗದಿದ್ದರೆ, ಮಲಬದ್ಧತೆ ಅಥವಾ ಮಂಕು ಕಂಡರೆ ಮೊದಲೇ ಮಾಡಿಸಿ. ಫ್ರೀ ಟಿ4 ಮಿತಿಗಿಂತ ಕೆಳಗಿಳಿದಿದ್ದರೆ, ಅಥವಾ ಟಿಎಸ್‌ಎಚ್ 20 ದಾಟಿದ್ದರೆ, ಆಗ ಅವರಿಗೆ ಥೈರಾಕ್ಸಿನ್ ಬೇಕಾಗುತ್ತದೆ. ಈ ವಯಸ್ಸಿಗೆ ಮತ್ತು ಈ ಹೃದಯಕ್ಕೆ 25 ಮೈಕ್ರೋಗ್ರಾಂನಂತಹ ಸಣ್ಣ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸುತ್ತಾರೆ. ಥೈರಾಯ್ಡ್ ಕಡಿಮೆಯಾದ ಕಾರಣಕ್ಕೆ ಅಮಿಯೊಡರೋನ್ ಬಿಡಬೇಕಾಗಿಲ್ಲ, ಎರಡೂ ಜೊತೆಯಲ್ಲೇ ನಡೆಯುತ್ತವೆ.