ಹೋಂಸ್ಟೇಯವರ ಹತ್ತಿರ ಉಪ್ಪಿನಕಾಯಿ ಇಟ್ಟು ನೋಡೋಣ ಅಂತ ಕೇಳೋದು ಹೇಗೆ?

ಕೇಳಿದವರು, ಹೊಸನಗರದ ಕಡೆಯಿಂದ:
ಮನೆಯಲ್ಲೇ ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇನೆ. ನಮ್ಮೂರಿಂದ ಹತ್ತು ಕಿಲೋಮೀಟರ್ ದೂರದಲ್ಲಿ ಆರು ಕೋಣೆಯ ಹೋಂಸ್ಟೇ ಇದೆ. ಅವರ ಪರಿಚಯ ಅಷ್ಟಕ್ಕಷ್ಟೆ. ಸ್ವಲ್ಪ ದಿನ ಒಟ್ಟಿಗೆ ಮಾಡಿ ನೋಡೋಣ ಅಂತ ಕೇಳಬೇಕು ಅಂದುಕೊಂಡಿದ್ದೇನೆ. ಏನಂತ ಕೇಳಲಿ? ಯಾರಿಗೆ ಎಷ್ಟು, ಯಾರ ಕೆಲಸ ಯಾವುದು ಅಂತ ಮೊದಲೇ ಬರೆದುಕೊಡಬೇಕಾ? ಮಾಡಿದವರು ಹೇಳಿ.

ಸಾಗರದಿಂದ, ಉಪ್ಪಿನಕಾಯಿಯವರೇ:
ತಂಗಿ, ನಾನು ಇದನ್ನೇ ಮಾಡಿದ್ದೇನೆ. ಮೊದಲ ಸಲ ಕೆಟ್ಟಿತು, ಎರಡನೇ ಸಲ ಕೈಹಿಡಿಯಿತು. ಕೆಟ್ಟಿದ್ದನ್ನೇ ಮೊದಲು ಹೇಳುತ್ತೇನೆ.

ಮೊದಲ ಸಲ ಮೂರು ಪುಟದ ಪತ್ರ ಬರೆದಿದ್ದೆ. ನಮ್ಮ ಅಜ್ಜಿಯ ಕಾಲದ ರುಚಿ, ಮಲೆನಾಡಿನ ಹೆಮ್ಮೆ, ಇಬ್ಬರೂ ಬೆಳೆಯೋಣ, ಲಾಭದಲ್ಲಿ ಅರ್ಧ ಅರ್ಧ ಅಂತೆಲ್ಲ. ಆ ಹೋಂಸ್ಟೇಯವರು "ಆಯ್ತು, ನೋಡೋಣ" ಅಂದರು. ಮಲೆನಾಡಿನಲ್ಲಿ "ನೋಡೋಣ" ಅಂದರೆ ಏನು ಅಂತ ನಿನಗೆ ಗೊತ್ತೇ ಇದೆ.

ಎರಡನೇ ಸಲ ಬೇರೆ ಹೋಂಸ್ಟೇ. ಪತ್ರ ಕೊಡುವ ಮೊದಲು ಒಂದು ದಿನ ಬೆಳಗ್ಗೆ ಸುಮ್ನೆ ಹೋಗಿ ಕಾಫಿ ಕುಡಿದು ಬಂದೆ. ಅಲ್ಲಿ ಕಂಡಿದ್ದು ಇಷ್ಟು: ಕಡುಬಿನ ಜೊತೆ ಅಂಗಡಿಯ ಪ್ಯಾಕೆಟ್ ಉಪ್ಪಿನಕಾಯಿ ಇಟ್ಟಿದ್ದರು. ಬೆಂಗಳೂರಿನ ಇಬ್ಬರು "ಮನೇಲಿ ಮಾಡಿದ್ದಾ?" ಅಂತ ಕೇಳಿದರು. ಅವರು ಮುಜುಗರದಿಂದ "ಇಲ್ಲ" ಅಂದರು. ನನ್ನ ಪತ್ರ ಹುಟ್ಟಿದ್ದೇ ಆ ಮುಜುಗರದಿಂದ. ಒಂದೇ ಪುಟ, ಹೆಚ್ಚು ಕಡಿಮೆ ಹೀಗಿತ್ತು:

"ನಿಮ್ಮ ಊಟದ ಮೇಜಿಗೆ ಬೇಕಾದ ಮಿಡಿ ಉಪ್ಪಿನಕಾಯಿಯನ್ನು ಎಂಟು ವಾರ ನಾನು ಸುಮ್ಮನೆ ಕೊಡುತ್ತೇನೆ, ಒಟ್ಟು 3 ಕಿಲೋವರೆಗೆ. ಅದರ ಪಕ್ಕ ಮಾರಾಟಕ್ಕೆ 250 ಗ್ರಾಂ ಬಾಟಲಿಗಳನ್ನು ಇಡುತ್ತೇನೆ, ಬೆಲೆ 160 ರೂಪಾಯಿ. ಮಾರಿದ ಪ್ರತಿ ಬಾಟಲಿಗೆ 32 ರೂಪಾಯಿ ನಿಮ್ಮದು. ಮಾರದೆ ಉಳಿದಿದ್ದನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ನೀವು ಹಣ ಹಾಕುವುದು ಬೇಡ. ನಿಮ್ಮಿಂದ ಬೇಕಾದ್ದು ಮೂರು: ಒಣ ಜಾಗದಲ್ಲಿ ಒಂದು ಕಪಾಟು, ಮೇಜಿನ ಭರಣಿಗೆ ಒಣ ಚಮಚ, ಸೋಮವಾರ ಬಾಟಲಿ ಎಣಿಸಿ ಒಂದು ಮೆಸೇಜು. ಉಪ್ಪಿನಕಾಯಿ ಕೆಟ್ಟರೆ, ಯಾರಾದರೂ ದೂರು ಹೇಳಿದರೆ ಅದು ನನ್ನ ಹೊಣೆ. ದಸರೆಗೆ ಶುರು, ಎಂಟು ವಾರಕ್ಕೆ ಮುಕ್ತಾಯ. 40ಕ್ಕಿಂತ ಜಾಸ್ತಿ ಹೋದರೆ ಮುಂದುವರಿಸೋಣ. 20 ದಾಟದಿದ್ದರೆ ನಿಲ್ಲಿಸೋಣ, ಬೇಜಾರಿಲ್ಲ. ನಡುವೆ ಆದರೆ ಕೂತು ಮಾತಾಡೋಣ."

ಅವರು ಎರಡು ಸಲ ಓದಿ ಒಪ್ಪಿದರು. ಆಮೇಲೆ ಹೇಳಿದರು, ಧೈರ್ಯ ಕೊಟ್ಟಿದ್ದು ಕಮಿಷನ್ ಅಲ್ಲವಂತೆ, "ಬೇಜಾರಿಲ್ಲ" ಅನ್ನೋ ಮಾತಂತೆ. ಊರವರ ಹತ್ತಿರ ವ್ಯವಹಾರ ಶುರು ಮಾಡೋದು ಸುಲಭ, ನಿಲ್ಲಿಸೋದು ಕಷ್ಟ ಅಲ್ವಾ? ಮುಗಿಯುವ ದಿನ ಮೊದಲೇ ಬರೆದಿದ್ದರೆ ಯಾರೂ ಯಾರನ್ನೂ ಬಿಡಿಸಬೇಕಾಗಿಲ್ಲ.

ಈಗ ಲೆಕ್ಕ. 60 ಬಾಟಲಿ ಕೊಟ್ಟೆ. 41 ಹೋದವು, 15 ವಾಪಸ್ ಬಂದವು, 4 ಹಾಳಾದವು. 6560 ರೂಪಾಯಿ ಮಾರಾಟ. ಅದರಲ್ಲಿ ಅವರಿಗೆ 1312, ನನಗೆ 5248. ಬಾಟಲಿ, ಲೇಬಲ್ ಸೇರಿ ಒಂದಕ್ಕೆ ನನ್ನ ಖರ್ಚು 78. ಮಾರಿದ್ದರ ಖರ್ಚು 3198, ಮೇಜಿಗೆ ಕೊಟ್ಟಿದ್ದಕ್ಕೆ 540, ಹಾಳಾದ ನಾಲ್ಕಕ್ಕೆ 312, ಬಸ್ಸಿನ ಪಾರ್ಸೆಲ್ಲಿಗೆ 240. ಎಲ್ಲ ಕಳೆದು ಕೈಗೆ ಉಳಿದಿದ್ದು 958 ರೂಪಾಯಿ. ಎಂಟು ವಾರಕ್ಕೆ! ನಮ್ಮವರು ನಕ್ಕರು. (41ನೇ ಬಾಟಲಿಯನ್ನು ಹೋಂಸ್ಟೇಯವರ ಅಮ್ಮನೇ ಮಗಳ ಮನೆಗೆ ಅಂತ ಕೊಂಡಿದ್ದು. ನಾನು ಎಣಿಸಿಕೊಂಡೆ.)

ಆದರೆ ನಾನು ಹುಡುಕುತ್ತಿದ್ದುದು 958 ಅಲ್ಲ. ಬಾಟಲಿ ಹೋಗಿದ್ದೆಲ್ಲ ಭಾನುವಾರ, ಜನ ಹೊರಡುವ ಹೊತ್ತಿಗೆ. ಊಟದ ಕೋಣೆಯ ಕಪಾಟಿನಲ್ಲಿದ್ದಾಗ ಎರಡು ವಾರಕ್ಕೆ 5 ಹೋಗಿದ್ದವು. ದುಡ್ಡು ಕೊಡುವ ಮೇಜಿನ ಪಕ್ಕಕ್ಕೆ ಬಂದ ಮೇಲೆ ಆರು ವಾರಕ್ಕೆ 36. ಕಪಾಟು ಎಲ್ಲಿರಬೇಕು ಅಂತ ಪತ್ರದಲ್ಲೇ ಬರೆ.

ಆ ನಾಲ್ಕು ಹಾಳಾಗಿದ್ದು ಹೇಗೆ ಗೊತ್ತಾ? ನಮ್ಮ ಮಿಡಿಗೆ ಎಣ್ಣೆ ಇಲ್ಲ, ಉಪ್ಪುನೀರು ಮತ್ತು ಸಾಸಿವೆ. ತಗಡಿನ ಮುಚ್ಚಳದ ಒಳಗಡೆ ಉಪ್ಪು ತಾಗಿ ತುಕ್ಕು ಹಿಡಿಯಿತು, ಅಂಚಿನಲ್ಲಿ ರಸ ಜಿನುಗಿ ಲೇಬಲ್ ಬಿಟ್ಟುಹೋಯಿತು. ಈಗ ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ಇನ್ನೊಂದು ಬಿರಡೆ. ಮೇಜಿನ ಭರಣಿಗೂ ಒಂದು ಸಲ ಬೂಷ್ಟು ಬಂತು. ಹೊಸದಾಗಿ ಬಂದ ಹುಡುಗ ತೊಳೆದ ಚಮಚವನ್ನು ಹಾಗೇ ಹಾಕಿದ್ದ. ಆಮೇಲೆ ದೊಡ್ಡ ಭರಣಿ ಕೊಡೋದು ಬಿಟ್ಟು ಕಾಲು ಕಿಲೋದ ಸಣ್ಣ ಭರಣಿ ಕೊಟ್ಟೆ. ಕೆಟ್ಟರೂ ಅಷ್ಟೇ ಕೆಡುತ್ತದೆ.

ಶಿವಮೊಗ್ಗದಿಂದ, ನಿವೃತ್ತರು:
ಬರವಣಿಗೆ ಬೇಕೇ ಬೇಕು, ಅದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಒಂದು ಪುಟದ ಪತ್ರ ಎಲ್ಲಿ ನಿಲ್ಲುತ್ತದೆ? ಛಾಪಾ ಕಾಗದದ ಮೇಲೆ ಪಾಲುದಾರಿಕೆ ಪತ್ರ ಮಾಡಿಸಿ, ಲಾಭ ಸಮಪಾಲು ಅಂತ ಬರೆಸಿ, ನೋಂದಣಿ ಮಾಡಿಸಿ. ನ್ಯಾಯವಾಗಿ ಇರುತ್ತದೆ.

ಶಿವಮೊಗ್ಗದಿಂದಲೇ, ತೆರಿಗೆ ಲೆಕ್ಕ ಬರೆಯುವವರು:
ಸಾರ್, ಬರೆದಿಡಿ ಅಂದಿದ್ದು ಸರಿ. ಪಾಲುದಾರಿಕೆ ಮಾತ್ರ ಎಂಟು ವಾರದ ಪ್ರಯೋಗಕ್ಕೆ ಬೇಡವೇ ಬೇಡ. ಒಟ್ಟಿಗೆ ವ್ಯಾಪಾರ ಮಾಡಿ ಲಾಭ ಹಂಚಿಕೊಳ್ಳುತ್ತೇವೆ ಅಂತ ಒಪ್ಪಿಕೊಂಡರೆ 1932ರ ಪಾಲುದಾರಿಕೆ ಕಾಯ್ದೆಯ ಒಳಗೆ ಬಂದುಬಿಡಬಹುದು. ಆಗ ಆ ವ್ಯಾಪಾರದ ಸಾಲಕ್ಕೆ ಇಬ್ಬರೂ ಹೊಣೆ. ನೋಂದಣಿ ಆಗಿಲ್ಲ ಅಂದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ. ಮಾರಾಟದ ಮೇಲೆ ಕಮಿಷನ್ ಕೊಡೋದು ಬೇರೆ, ಅಷ್ಟರಿಂದಲೇ ಪಾಲುದಾರರು ಆಗೋದಿಲ್ಲ. ಸಾಗರದ ಅಕ್ಕ ಬಾಟಲಿಗೆ 32 ಅಂತ ಬರೆದದ್ದು ಅದಕ್ಕೇ ಒಳ್ಳೆಯದು. ಜೊತೆಗೆ "ಇದು ಪಾಲುದಾರಿಕೆ ಅಲ್ಲ, ಮಾರಾಟವಾಗುವವರೆಗೆ ಮಾಲು ನನ್ನದೇ" ಅಂತ ಒಂದು ಸಾಲು ಸೇರಿಸಿ.

ಇನ್ನೊಂದು ಮಾತು. ಲಾಭದಲ್ಲಿ ಅರ್ಧ ಅಂದರೆ ಲಾಭ ಎಷ್ಟು ಅಂತ ತೋರಿಸಬೇಕು. ಮೆಣಸು, ಸಾಸಿವೆ, ನಿಮ್ಮ ಕೂಲಿ, ಎಲ್ಲದರ ಲೆಕ್ಕ ಅವರ ಮುಂದೆ ಬಿಚ್ಚಬೇಕು. ನಿಮ್ಮ ಕೂಲಿ ದಿನಕ್ಕೆ ಎಷ್ಟು ಅನ್ನೋದರಲ್ಲೇ ಜಗಳ ಶುರು.

ಕೊಪ್ಪದಿಂದ, ಜೇನಿನವರು:
ರೆಸಾರ್ಟಿನವರಿಗೆ ಕೊಡಲೇಬೇಡಿ. ನಾನು ಜೇನುತುಪ್ಪ ಕೊಟ್ಟು ಆರು ತಿಂಗಳು ದುಡ್ಡಿಗೆ ಅಲೆದಿದ್ದೇನೆ. ಮ್ಯಾನೇಜರ್ ಬದಲಾದ, ಹೊಸಬ "ನನಗೆ ಗೊತ್ತಿಲ್ಲ" ಅಂದ. ಅದರ ಬದಲು ನೀವೇ ಎರಡು ಕೋಣೆ ಕಟ್ಟಿ ಹೋಂಸ್ಟೇ ಶುರು ಮಾಡಿ. ಸಬ್ಸಿಡಿ ಏನಾದರೂ ಸಿಗುತ್ತಾ ವಿಚಾರಿಸಿ.

ಸಾಗರದಿಂದ:
ಅಣ್ಣ, ಅವಳು ಕೋಣೆ ಕಟ್ಟೋಕೆ ಹೊರಟಿಲ್ಲ! ಆದರೆ ನಿಮ್ಮ ಕಥೆಯಿಂದ ಒಂದು ವಿಷಯ ನೆನಪಾಯ್ತು. ನಾವು ದುಡ್ಡನ್ನು ತಿಂಗಳಿಗೆ ಅಂತ ಬಿಡಲಿಲ್ಲ. ಎರಡು ವಾರಕ್ಕೊಮ್ಮೆ, ಹೊಸ ಬಾಟಲಿ ಕೊಡುವಾಗಲೇ ಹಳೆಯ ಲೆಕ್ಕ. ಎಣಿಕೆಯ ಪುಸ್ತಕ ಬಾಟಲಿಯ ಪಕ್ಕದಲ್ಲೇ ದಾರ ಕಟ್ಟಿ ಇಟ್ಟಿತ್ತು. ಯಾರು ಬದಲಾದರೂ ಪುಸ್ತಕ ಬದಲಾಗೋದಿಲ್ಲ.

ತೀರ್ಥಹಳ್ಳಿಯಿಂದ, ಹೋಂಸ್ಟೇ ನಡೆಸುವವರು:
ಆಚೆ ಬದಿಯಿಂದ ಎರಡು ಮಾತು ಹೇಳುತ್ತೇನಮ್ಮ. ನಮ್ಮ ಹತ್ತಿರ ತಿಂಗಳಿಗೆ ಒಬ್ಬರಾದರೂ ಹೀಗೆ ಬರುತ್ತಾರೆ. ಉಪ್ಪಿನಕಾಯಿ, ಸೋಪು, ಕಾಳುಮೆಣಸು, ಏನೇನೋ. ನಾನು ಮೊದಲು ನೋಡೋದು ಲೇಬಲ್. ಆಹಾರ ಸುರಕ್ಷತೆಯವರು ಕೊಡುವ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಾ, ತಯಾರಿಸಿದ ತಾರೀಖು, ಎಷ್ಟು ದಿನ ಚೆನ್ನಾಗಿರುತ್ತೆ, ತೂಕ, ಬೆಲೆ, ಏನೇನು ಹಾಕಿದ್ದಾರೆ. ಮನೆಯಲ್ಲಿ ಮಾಡುವ ಸಣ್ಣವರಿಗೂ ನೋಂದಣಿ ಬೇಕು, ಶುಲ್ಕ ವರ್ಷಕ್ಕೆ 100 ರೂಪಾಯಿ. ಅದಿಲ್ಲದೆ ಬಂದವರ ಪತ್ರ ನಾನು ಓದೋದೇ ಇಲ್ಲ. ನಮ್ಮ ಮನೆಯಲ್ಲಿ ಉಂಡು ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೆಸರು ಹೋಗೋದು ನಂದು, ಉಪ್ಪಿನಕಾಯಿಯವರದ್ದಲ್ಲ.

ಎರಡನೆಯದು, ದಿನ ನೋಡಿ ಕೇಳಿ. ಶನಿವಾರ ಬರಬೇಡಿ, ಕೋಣೆ ತುಂಬಿರುತ್ತೆ. ಅಡಿಕೆ ಕೊಯ್ಲಿನ ಹೊತ್ತಿನಲ್ಲೂ ಬೇಡ, ನಮ್ಮಲ್ಲಿ ಅರ್ಧ ಜನ ಚಪ್ಪರದ ಕೆಳಗೇ ಇರುತ್ತಾರೆ. ಮಂಗಳವಾರ, ಬುಧವಾರ ಮಧ್ಯಾಹ್ನ ಬನ್ನಿ.

32 ರೂಪಾಯಿ ಬಗ್ಗೆ ನಿಜ ಹೇಳಲಾ? ಅದರಿಂದ ನಮಗೇನೂ ಆಗೋದಿಲ್ಲ. ಮೇಜಿನ ಮೇಲೆ ಸುಮ್ಮನೆ ಸಿಗುವ ಒಳ್ಳೆಯ ಉಪ್ಪಿನಕಾಯಿ, "ಇದು ಇಲ್ಲೇ ಪಕ್ಕದ ಊರಿನದು" ಅಂತ ಹೇಳೋಕೆ ಒಂದು ಮಾತು, ಅದೇ ನಮ್ಮ ಲಾಭ. ಪತ್ರದಲ್ಲಿ ಅದು ಮೇಲಿರಲಿ, ಕಮಿಷನ್ ಕೆಳಗಿರಲಿ.

ಕೇಳಿದವರು:
ನೋಂದಣಿ ಆಗಿದೆ, ಲೇಬಲ್ಲಿನಲ್ಲಿ ತಾರೀಖು ಮಾತ್ರ ಕೈಯಲ್ಲಿ ಬರೆಯುತ್ತಿದ್ದೆ, ಮಳೆಗಾಲದಲ್ಲಿ ಅಳಿಸಿಹೋಗುತ್ತದೆ. ಮೊಹರು ಮಾಡಿಸುತ್ತೇನೆ. ಒಂದು ಸಂಶಯ ಅಕ್ಕ. ಬಾಟಲಿಯ ಮೇಲೆ ನನ್ನ ಫೋನ್ ನಂಬರ್ ಇದೆ. ಅಲ್ಲಿ ಉಂಡು ಹೋದವರು ಆಮೇಲೆ ನನಗೇ ಫೋನ್ ಮಾಡಿ ತರಿಸಿಕೊಂಡರೆ, ಅದರಲ್ಲೂ ಹೋಂಸ್ಟೇಯವರಿಗೆ ಕೊಡಬೇಕಾ?

ಸಾಗರದಿಂದ:
ನಮ್ಮಲ್ಲಿ ಮನಸ್ತಾಪ ಆಗಿದ್ದು ಇದೊಂದಕ್ಕೇ. ಆ ಎಂಟು ವಾರದಲ್ಲಿ ಹೀಗೆ 11 ಫೋನ್ ಬಂದವು. ನಾನು ಪತ್ರದಲ್ಲಿ ಇದನ್ನು ಬರೆದೇ ಇರಲಿಲ್ಲ. ನನ್ನ ಪ್ರಕಾರ ಕೊಡಬೇಕಾಗಿಲ್ಲ. ಮೇಜಿನ 3 ಕಿಲೋ ನಾನು ಕೊಟ್ಟಿದ್ದು ಅದಕ್ಕೇ ತಾನೇ? ಕೊನೆಗೆ ಮೊದಲ ಆರ್ಡರಿಗೆ ಮಾತ್ರ ಬಾಟಲಿಗೆ 16 ಅಂತ ಒಪ್ಪಿಕೊಂಡೆ.

ತೀರ್ಥಹಳ್ಳಿಯಿಂದ:
ಆ ಗಿರಾಕಿ ನಿಮಗೆ ಸಿಕ್ಕಿದ್ದು ನಮ್ಮ ಊಟದ ಮೇಜಿನಲ್ಲಿ ಅಲ್ವೇನಮ್ಮ? ನಾನಾಗಿದ್ದರೆ ಒಂದು ವರ್ಷದವರೆಗೆ ಪೂರ್ತಿ 32 ಕೇಳುತ್ತಿದ್ದೆ. ಇಲ್ಲ ಅಂದರೆ ಬಾಟಲಿಯ ಮೇಲೆ ನಂಬರ್ ಬೇಡ ಅನ್ನುತ್ತಿದ್ದೆ.

ತೆರಿಗೆ ಲೆಕ್ಕದವರು:
ತಯಾರಿಸಿದವರ ವಿಳಾಸ, ದೂರಿಗೆ ಫೋನ್ ನಂಬರ್ ಲೇಬಲ್ಲಿನಲ್ಲಿ ಇರಲೇಬೇಕು ಸಾರ್. ಅದನ್ನು ತೆಗೆಸೋಕೆ ಆಗೋದಿಲ್ಲ.

ತೀರ್ಥಹಳ್ಳಿಯಿಂದ:
ಹಾಗಾದರೆ 32.

ಸಾಗರದಿಂದ:
16.