ಪದ ಬೇಕಿದೆ: ಸರಳು ಮತ್ತು ತಟ್ಟೆಯ ಜಡತ್ವ ಭ್ರಾಮಕದಲ್ಲಿ ಬರುವ ‘ಮಾಸ್ ಎಲಿಮೆಂಟ್’

ಧಾರವಾಡದಿಂದ, ಅನುವಾದಕಿ, ಶುಕ್ರವಾರ ಬೆಳಿಗ್ಗೆ

ಮಾನ್ಯರೇ,

ಪದವಿಪೂರ್ವ ಕಾಲೇಜೊಂದರ ಭೌತವಿಜ್ಞಾನ ಪ್ರಯೋಗಾಲಯದ ಗೋಡೆಗೆ ಹಾಕುವ ಎರಡು ಫಲಕಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಸೋಮವಾರ ಮಧ್ಯಾಹ್ನದೊಳಗೆ ಬರಹ ಹುಬ್ಬಳ್ಳಿಯ ಮುದ್ರಕರ ಕೈ ಸೇರಬೇಕು. ಒಂದು ಫಲಕದಲ್ಲಿ ಸರಳೊಂದು ತನ್ನ ತುದಿಯನ್ನೇ ಅಚ್ಚು ಮಾಡಿಕೊಂಡು ತಿರುಗುತ್ತದೆ, ಇನ್ನೊಂದರಲ್ಲಿ ತಟ್ಟೆಯೊಂದು ಗಾಲಿಯಂತೆ ನಡುವಿನ ಅಚ್ಚಿನ ಸುತ್ತ ತಿರುಗುತ್ತದೆ. ಎರಡರಲ್ಲಿಯೂ ವಸ್ತುವನ್ನು ಸಣ್ಣ ಸಣ್ಣದಾಗಿ ಒಡೆದು, ಒಂದೊಂದರ ದ್ರವ್ಯರಾಶಿಯನ್ನು ಅಚ್ಚಿನಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಬಂದುದನ್ನೆಲ್ಲ ಕೂಡಿಸಿ ಜಡತ್ವ ಭ್ರಾಮಕವನ್ನು ಪಡೆಯುವ ಕ್ರಮವನ್ನು ತೋರಿಸಿದ್ದಾರೆ. ಹಾಗೆ ಒಡೆದ ಒಂದೊಂದನ್ನು ಚಿತ್ರದಲ್ಲಿ dm ಎಂದು ಗುರುತಿಸಿ ‘ಮಾಸ್ ಎಲಿಮೆಂಟ್’ ಎಂದು ಕರೆದಿದ್ದಾರೆ. ನನಗೆ ಬೇಕಾಗಿರುವುದು ಅದಕ್ಕೊಂದು ಹೆಸರು.

ನನ್ನ ಕೈಗೆ ಬಂದ ಹಳೆಯ ಕರಡಿನಲ್ಲಿ ಯಾರೋ ‘ದ್ರವ್ಯರಾಶಿಯ ಮೂಲಧಾತು’ ಎಂದು ಬರೆದುಬಿಟ್ಟಿದ್ದಾರೆ. ಅದನ್ನು ಓದಿದ ಹುಡುಗಿಗೆ ತಾಮ್ರ, ಗಂಧಕಗಳು ನೆನಪಾದಾವು. ಬರಿಯ ‘ಧಾತು’ ಎಂದರೆ ವ್ಯಾಕರಣದ ಕ್ರಿಯಾಧಾತು ಬೇರೆ ಅಡ್ಡ ಬರುತ್ತದೆ. ‘ಅಂಶ’ ಎಂದು ಬರೆಯೋಣವೆಂದರೆ ಅದೇ ಫಲಕದಲ್ಲಿ M/L ಎಂಬ ಭಿನ್ನರಾಶಿಯಿದೆ, ಅದರಲ್ಲಿ M ಅಂಶ, L ಛೇದ. ಅಂಗೈಯಗಲದ ಜಾಗದಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಕೊಡಲು ಮನಸ್ಸು ಒಪ್ಪುವುದಿಲ್ಲ. ‘ಕಣ’ ಕೂಡ ಸರಿಯಿಲ್ಲವೆನ್ನಿಸುತ್ತದೆ, ಆದರೆ ಏಕೆ ಸರಿಯಿಲ್ಲವೆಂದು ಹೇಳಲು ನನಗೆ ತಿಳಿಯುತ್ತಿಲ್ಲ.

ಹಾವೇರಿಯಿಂದ, ನಿವೃತ್ತ ಕನ್ನಡ ಅಧ್ಯಾಪಕರು

ಹೋಳು ಎಂದು ಬರೆಯಿರಿ. ಹಳಗನ್ನಡದ ‘ಪೋೞ್’, ಅಂದರೆ ಸೀಳು ಎಂಬುದರಿಂದ ಬಂದ ಪದ. ಒಡೆದದ್ದು ಹೋಳು, ಇದರಲ್ಲಿ ಚರ್ಚೆಗೆ ಏನಿದೆಯೋ ನನಗೆ ಕಾಣದು. ತಿದ್ದಬೇಕಾದದ್ದು ನಿಮ್ಮ ತಲೆಬರಹ. ‘ಭ್ರಾಮಕ’ವೆಂದರೆ ಭ್ರಮೆ ಹುಟ್ಟಿಸುವಂಥದು ಎಂಬ ಅರ್ಥವೂ ಇದೆ, ‘ಜಡ’ವೆಂದರೆ ನಮ್ಮ ಕಡೆ ಭಾರವಾದದ್ದು. ಚೀಲ ಜಡವಾಗಿದೆ ಎನ್ನುವ ಊರಿನಲ್ಲಿ ಜಡತ್ವವನ್ನು ತೂಕವೆಂದೇ ತಿಳಿಯುತ್ತಾರೆ. ‘ತಿರುಗುಜಡತೆ’ಯಾದರೂ ಎನ್ನಿ, ಅದರಲ್ಲಿ ಅರ್ಧವಾದರೂ ಕನ್ನಡ ಉಳಿಯುತ್ತದೆ.

ಗದಗದಿಂದ, ಕಟ್ಟಡ ಎಂಜಿನಿಯರ್

ಅನುವಾದಕರು ಮೂಲದಲ್ಲಿಯೇ ಎಡವಿದಂತಿದೆ. ಜಡತ್ವ ಭ್ರಾಮಕದಲ್ಲಿ ದ್ರವ್ಯರಾಶಿಗೆ ಏನು ಕೆಲಸ? ನಾನು ತೊಲೆಗಳ ಲೆಕ್ಕ ಮಾಡುವಾಗ ಅಡ್ಡಕೊಯ್ತದ ಕ್ಷೇತ್ರಫಲವನ್ನು ಒಡೆದು ಕೂಡಿಸುತ್ತೇನೆ, ಉತ್ತರ ಮಿಲಿಮೀಟರಿನ ನಾಲ್ಕನೆಯ ಘಾತದಲ್ಲಿ ಬರುತ್ತದೆ. 230 ಅಗಲ, 450 ಎತ್ತರದ ತೊಲೆಯೆಂದರೆ 230 × 450³ / 12. ಆದ್ದರಿಂದ ‘ಕ್ಷೇತ್ರಾಂಶ’ ಎಂಬುದೇ ಸರಿಯಾದ ಪದ.

ಹುಬ್ಬಳ್ಳಿಯಿಂದ, ಪ್ರೌಢಶಾಲಾ ಶಿಕ್ಷಕರು

ಎಂಜಿನಿಯರ್ ಅವರು ಹೇಳುತ್ತಿರುವುದು ಬಾಗುವ ತೊಲೆಯ ವಿಷಯ. ಇಲ್ಲಿ ತಿರುಗುವ ಸರಳಿನ ಮಾತು ನಡೆದಿದೆ, ಇದರ ಉತ್ತರ ಕಿಲೋಗ್ರಾಂ ಮೀಟರ್ ವರ್ಗದಲ್ಲಿ ಬರುತ್ತದೆ. ಹೆಸರು ಒಂದೇ ಆದರೂ ಲೆಕ್ಕ ಬೇರೆ.

ಪದದ ವಿಚಾರದಲ್ಲಿ ‘ಕಣ’ವನ್ನು ಬಿಡಬೇಕಾಗಿಲ್ಲವೆಂದು ನನ್ನ ಅಭಿಪ್ರಾಯ. ಪಾಠ ಶುರುವಾಗುವುದೇ m r² ಎಂಬ ಒಂಟಿ ಕಣದ ಲೆಕ್ಕದಿಂದ. ಸರಳೆಂದರೆ ಸಾಲಾಗಿ ಕುಳಿತ ಕಣಗಳು. ತಟ್ಟೆಯೆಂದರೆ ನಡುವಿನಿಂದ ಅಂಚಿನವರೆಗೆ ತ್ರಿಜ್ಯದ ಮೇಲೆ ಕುಳಿತ ಅಂಥದೇ ಸಾಲು, ಅದನ್ನು ಒಂದು ಸುತ್ತು ತಿರುಗಿಸಿದರೆ ತಟ್ಟೆಯೇ ಆಗುತ್ತದೆ. ಎರಡಕ್ಕೂ ಒಂದೇ ಪದ ಸಾಕು.

ಧಾರವಾಡದಿಂದ, ನಿವೃತ್ತ ಭೌತವಿಜ್ಞಾನ ಪ್ರಾಧ್ಯಾಪಕರು

ಶಿಕ್ಷಕ ಮಿತ್ರರ ಮಾತಿನ ಮೊದಲ ಅರ್ಧ ಸರಿ, ಎರಡನೆಯ ಅರ್ಧವೇ ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಮಾಡುವ ತಪ್ಪು, ಮತ್ತು ಆ ತಪ್ಪಿಗೆ ‘ಕಣ’ ಎಂಬ ಪದವೇ ದಾರಿ ಮಾಡಿಕೊಡುತ್ತದೆ. ತ್ರಿಜ್ಯದ ಮೇಲಿನ ಸಾಲನ್ನು ತಟ್ಟೆಯೆಂದು ಭಾವಿಸಿ ಪ್ರತಿ ಕಣಕ್ಕೂ ಸಮನಾದ ದ್ರವ್ಯರಾಶಿ ಕೊಟ್ಟರೆ ತಟ್ಟೆಗೆ MR²/3 ಬರುತ್ತದೆ, ಬರಬೇಕಾದದ್ದು MR²/2. ಮೂರರಲ್ಲಿ ಒಂದು ಎಂಬ ಸಂಖ್ಯೆ ತಟ್ಟೆಯ ಲೆಕ್ಕದಲ್ಲಿ ಕಂಡರೆ ಆ ವಿದ್ಯಾರ್ಥಿ ತಟ್ಟೆಯನ್ನು ಬಿಟ್ಟು ಸರಳನ್ನು ಲೆಕ್ಕ ಮಾಡಿದ್ದಾನೆಂದು ಮುಂದಿನ ಸಾಲು ಓದದೆಯೇ ಹೇಳಬಹುದು.

ಒಂದು ಉಳ್ಳಾಗಡ್ಡಿಯನ್ನು ಅಡ್ಡಕ್ಕೆ ಕೊಯ್ದು ಒಂದು ತೆಳುವಾದ ಬಿಲ್ಲೆಯನ್ನು ಮಣೆಯ ಮೇಲಿಟ್ಟು ನೋಡಿರಿ. ಒಳಗಿನ ಸುತ್ತು ಕಿರುಬೆರಳಿನ ಉಂಗುರದಷ್ಟಿದ್ದರೆ ಹೊರಗಿನದು ಬಳೆಯಷ್ಟಿರುತ್ತದೆ; ದಪ್ಪ ಒಂದೇ ಆದರೂ ಹೊರಸುತ್ತಿನಲ್ಲಿ ಪದಾರ್ಥ ಬಹಳ ಹೆಚ್ಚು. ತಟ್ಟೆಯೂ ಹಾಗೆಯೇ. 1 ಕಿಲೋಗ್ರಾಂ ದ್ರವ್ಯರಾಶಿ, 1 ಮೀಟರ್ ತ್ರಿಜ್ಯದ ತಟ್ಟೆಯನ್ನು ತಲಾ 10 ಸೆಂಟಿಮೀಟರ್ ಅಗಲದ ಹತ್ತು ಸುತ್ತುಗಳಾಗಿ ಒಡೆದರೆ ಎಲ್ಲಕ್ಕಿಂತ ಒಳಗಿನದರಲ್ಲಿ 10 ಗ್ರಾಂ, ಎಲ್ಲಕ್ಕಿಂತ ಹೊರಗಿನದರಲ್ಲಿ 190 ಗ್ರಾಂ ಇರುತ್ತದೆ. ಈ ಹೆಚ್ಚಳವೇ ಸೂತ್ರದಲ್ಲಿ 2πr ಆಗಿ ಕುಳಿತಿದೆ: dm = (M/πR²) · 2πr dr. ಪ್ರತಿ ಸುತ್ತಿನ ನಡುದೂರವನ್ನು ತೆಗೆದುಕೊಂಡು, ವರ್ಗ ಮಾಡಿ, ಆ ಸುತ್ತಿನ ದ್ರವ್ಯರಾಶಿಯಿಂದ ಗುಣಿಸಿ ಹತ್ತನ್ನೂ ಕೂಡಿಸಿದರೆ 0.4975 ಬರುತ್ತದೆ, ಅರ್ಧಕ್ಕೆ ಬಹಳ ಹತ್ತಿರ. ಹತ್ತಕ್ಕೂ ತಲಾ 100 ಗ್ರಾಂ ಹಂಚಿದರೆ 0.3325 ಬರುತ್ತದೆ, ಅದು ಸರಳಿನ ಉತ್ತರ.

ಈಗ ‘ಹೋಳು’. ಪದ ನನಗೂ ಹಿಡಿಸಿತು, ಆದರೆ ಹೋಳೆಂದರೆ ಈಳಿಗೆಮಣೆಯ ಮೇಲೆ ಕೊಯ್ದು ತಟ್ಟೆಗೆ ಹಾಕಬಹುದಾದದ್ದು, ಅದಕ್ಕೊಂದು ಗಾತ್ರವಿರುತ್ತದೆ. ಆ ಗಾತ್ರ ಏನು ಮಾಡುತ್ತದೆಂಬುದನ್ನು ಸರಳಿನಲ್ಲಿ ನೋಡಬಹುದು. 1 ಮೀಟರ್ ಉದ್ದ, 1 ಕಿಲೋಗ್ರಾಂನ ಸರಳನ್ನು ಹತ್ತು ಹೋಳು ಮಾಡಿ ತುದಿಯಿಂದ ಎಣಿಸಿದರೆ ಹೋಳಿನ ನಡುಬಿಂದುಗಳು 5, 15, 25 ಎಂದು ಸಾಗಿ 95 ಸೆಂಟಿಮೀಟರಿನಲ್ಲಿ ಮುಗಿಯುತ್ತವೆ. ಕೂಡಿಸಿದಾಗ ಬರುವುದು ಅದೇ 0.3325, ನಿಜವಾದ ಬೆಲೆ 0.3333. ನಡುಬಿಂದುವಿನ ಬದಲು ಪ್ರತಿ ಹೋಳಿನ ಒಳತುದಿಯ ದೂರವನ್ನು ಹಿಡಿದರೆ 0.285, ಹೊರತುದಿಯದನ್ನು ಹಿಡಿದರೆ 0.385. ನಡುಬಿಂದು ಹಿಡಿದಾಗಲೂ ಉಳಿದ ಆ ಚಿಕ್ಕ ಕೊರತೆ ಎಲ್ಲಿಂದ ಬಂತೆಂದರೆ, ಹೋಳು ತಾನೇ ಒಂದು ಪುಟ್ಟ ಸರಳು, ತನ್ನ ನಡುವಿನ ಸುತ್ತ ಅದಕ್ಕೂ ಸ್ವಂತದ ಜಡತ್ವ ಭ್ರಾಮಕವಿದೆ, ಅದನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ. ಹೋಳುಗಳನ್ನು ಇಪ್ಪತ್ತು ಮಾಡಿದರೆ ಕೊರತೆ ಕಾಲುಭಾಗಕ್ಕೆ ಇಳಿಯುತ್ತದೆ. dm ಎಂಬುದು ಆ ಸ್ವಂತದ ಪಾಲು ಇಲ್ಲವಾಗುವ ತನಕ ಸಣ್ಣದಾದ ಹೋಳು. ಹತ್ತು ಭಾಗ ಮಾಡುವ ಹಂತಕ್ಕೆ ‘ಹೋಳು’ ಒಪ್ಪುತ್ತದೆ, dm ಗೆ ಒಪ್ಪುವುದೇ ಎಂಬುದು ನನ್ನ ಸಂದೇಹ.

ತಲೆಬರಹದ ಬಗ್ಗೆಯೂ ಒಂದು ಮಾತು. ಇದಕ್ಕೆ ಲ್ಯಾಟಿನ್ನಿನಲ್ಲಿ ಹೆಸರಿಟ್ಟ ಆಯ್ಲರ್ 1765ರಲ್ಲಿ ಬಳಸಿದ ‘ಮೊಮೆಂಟುಮ್’ ಎಂಬ ಪದದಲ್ಲಿ ತಿರುಗುವಿಕೆಯ ಅರ್ಥ ನೇರವಾಗಿ ಇಲ್ಲ, ಮಹತ್ವವೆಂಬ ಅರ್ಥವಿದೆ. ಒಂದೇ ಸರಳನ್ನು ತುದಿಯ ಸುತ್ತ ತಿರುಗಿಸಿದರೆ ಮೂರರಲ್ಲೊಂದು, ನಡುವಿನ ಸುತ್ತ ತಿರುಗಿಸಿದರೆ ಹನ್ನೆರಡರಲ್ಲೊಂದು. ತೂಕ ಬದಲಾಗಲಿಲ್ಲ, ಇದ್ದ ದ್ರವ್ಯರಾಶಿ ಎಷ್ಟು ಮಹತ್ವದ ಸ್ಥಾನದಲ್ಲಿದೆ ಎಂಬುದು ಬದಲಾಯಿತು. ಹಾವೇರಿಯವರು ಹೇಳಿದ ‘ಜಡ’ದ ತೊಡಕು ನಿಜ, ಆದರೆ ಅದು ‘ತಿರುಗುಜಡತೆ’ಯಲ್ಲಿಯೂ ಹಾಗೆಯೇ ಉಳಿಯುತ್ತದೆ.

ಹಾವೇರಿಯಿಂದ, ನಿವೃತ್ತ ಕನ್ನಡ ಅಧ್ಯಾಪಕರು

ಹಾಗಾದರೆ ‘ಬಳೆ’ ಎನ್ನಿ, ಮುಗಿಯಿತು. ಪ್ರಾಧ್ಯಾಪಕರ ಬರಹದಲ್ಲಿಯೇ ಅದು ಬಂದುಹೋಗಿದೆ. ವಿಜ್ಞಾನದವರು ಅಡುಗೆಮನೆಯಲ್ಲಿ ಕನ್ನಡ ಹುಡುಕಿ ಫಲಕದ ಮೇಲೆ ಸಂಸ್ಕೃತ ಬರೆಯುವುದನ್ನು ನಾನು ಮೊದಲಿನಿಂದ ವಿರೋಧಿಸುತ್ತ ಬಂದಿದ್ದೇನೆ.

ಹುಬ್ಬಳ್ಳಿಯಿಂದ, ಪ್ರೌಢಶಾಲಾ ಶಿಕ್ಷಕರು

ತಟ್ಟೆಯ ವಿಷಯದಲ್ಲಿ ನನ್ನದು ತಪ್ಪಾಗಿತ್ತು, ತಿದ್ದಿಕೊಂಡಿದ್ದೇನೆ. ಹಾಗಿದ್ದರೂ ‘ಎಲಿಮೆಂಟ್’ ಎಂದೇ ಕನ್ನಡ ಲಿಪಿಯಲ್ಲಿ ಬರೆದರೆ ಏನು ನಷ್ಟ? ಸಿಇಟಿಗೆ ಕೂರುವ ಹುಡುಗರು ಕಡೆಗೆ ಓದುವುದು ಅದನ್ನೇ. ಬಸ್ಸು, ಪೆನ್ನು, ಮೀಟರುಗಳು ಬಂದಂತೆ ಇದೂ ಬರಲಿ.

ಹಾವೇರಿಯಿಂದ

ಬಸ್ಸು ಬಂದದ್ದು ರಸ್ತೆಯ ಮೇಲೆ, ಜನರೇ ಹತ್ತಿಸಿಕೊಂಡರು. ಇದನ್ನು ನೀವು ಮಕ್ಕಳ ತಲೆಯ ಮೇಲೆ ಹೊರಿಸುತ್ತಿದ್ದೀರಿ.

ಧಾರವಾಡದಿಂದ, ಪ್ರಾಧ್ಯಾಪಕರು

‘ಎಲಿಮೆಂಟ್’ ಎಂದು ಬರೆದರೆ ಮೂಲಧಾತುವಿನ ತೊಡಕು ಇಂಗ್ಲಿಷಿನ ಮೂಲಕ ಮತ್ತೆ ಒಳಗೆ ಬರುತ್ತದೆ, ರಸಾಯನಶಾಸ್ತ್ರದಲ್ಲಿಯೂ ಅದೇ ಪದವಲ್ಲವೇ?

‘ಬಳೆ’ಯನ್ನು ಸಾಮಾನ್ಯ ಪದ ಮಾಡಲು ಬರುವುದಿಲ್ಲ. ಅದೇ ತಟ್ಟೆಯನ್ನು ನಾಣ್ಯವನ್ನು ನಿಲ್ಲಿಸಿ ತಿರುಗಿಸಿದಂತೆ ವ್ಯಾಸದ ಸುತ್ತ ತಿರುಗಿಸಿರಿ. ಈಗ ಒಂದೇ ಬಳೆಯ ಒಂದು ಭಾಗ ಅಚ್ಚಿನ ಮೇಲೆಯೇ ಇದೆ, ಇನ್ನೊಂದು ಭಾಗ ದೂರದಲ್ಲಿದೆ, ಹೀಗಾಗಿ ಇಡೀ ಬಳೆಗೆ ಒಂದು r ಹೇಳಲು ಬಾರದು. ಅಲ್ಲಿ ಅಚ್ಚಿಗೆ ಸಮಾನಾಂತರವಾದ ಪಟ್ಟಿಗಳಾಗಿ ಕೊಯ್ಯಬೇಕು, ಉತ್ತರವೂ MR²/4 ಆಗುತ್ತದೆ. ಒಡೆಯುವಾಗ ನೋಡಬೇಕಾದದ್ದು ಇಷ್ಟೇ, ಒಡೆದ ಭಾಗವೆಲ್ಲ ಅಚ್ಚಿನಿಂದ ಒಂದೇ ದೂರದಲ್ಲಿರಬೇಕು; ಆಕಾರ ಚೂರೋ ಬಳೆಯೋ ಪಟ್ಟಿಯೋ ಆಗಬಹುದು. ಪದವು ಆಕಾರವನ್ನು ಹೇಳದಿದ್ದರೆ ಒಳ್ಳೆಯದು.

ಧಾರವಾಡದಿಂದ, ಅನುವಾದಕಿ, ಭಾನುವಾರ ರಾತ್ರಿ

ಎಲ್ಲರಿಗೂ ವಂದನೆಗಳು. ಆಕಾರ ಹೇಳದ ಪದ ಬೇಕೆಂಬ ಮಾತು ನನಗೆ ದಾರಿ ತೋರಿಸಿತು. ಎರಡೂ ಫಲಕಗಳಲ್ಲಿ ಹತ್ತು ಭಾಗ ಮಾಡಿದ ಚಿತ್ರಕ್ಕೆ ‘ಹೋಳು’, dm ಗೆ ‘ಕಿರುಹೋಳು’ ಎಂದು ಬರೆದಿದ್ದೇನೆ, ತಟ್ಟೆಯ ಫಲಕದಲ್ಲಿ ಮಾತ್ರ ‘ಬಳೆಯಾಕಾರದ ಕಿರುಹೋಳು’ ಎಂದು ಸೇರಿಸಿದ್ದೇನೆ. ಕಿರಿದೆಂದರೆ ಇಲ್ಲವಾಗುವಷ್ಟು ಸಣ್ಣದೆಂಬ ಅರ್ಥ ಬಾರದೆಂದು ಪ್ರಾಧ್ಯಾಪಕರು ಫೋನಿನಲ್ಲಿ ಹೇಳಿದ್ದಾರೆ. ಅವರ ಆಕ್ಷೇಪ ನಿಜ, ಅದಕ್ಕೆ ನನ್ನಲ್ಲಿ ಪದವಿಲ್ಲದ್ದರಿಂದ ಹತ್ತು ಹೋಳಿನ ಮೊತ್ತ 0.4975, ಕಿರುಹೋಳುಗಳ ಮೊತ್ತ 0.5 ಎಂದು ಎರಡು ಸಂಖ್ಯೆಗಳನ್ನು ಚಿತ್ರದ ಕೆಳಗೆ ಪಕ್ಕಪಕ್ಕದಲ್ಲಿ ಇಟ್ಟಿದ್ದೇನೆ. ತಲೆಬರಹದಲ್ಲಿ ‘ಜಡತ್ವ ಭ್ರಾಮಕ’ವನ್ನು ಬದಲಿಸಿಲ್ಲ, ಹಾವೇರಿಯ ಗುರುಗಳು ಮನ್ನಿಸಬೇಕು.

ತಟ್ಟೆಯ ಫಲಕದಲ್ಲಿ ಹೋಗುವ ಸಾಲುಗಳಿವು, ನಾಳೆ ಹತ್ತು ಗಂಟೆಯೊಳಗೆ ಯಾರಾದರೂ ತಪ್ಪು ಕಂಡರೆ ತಿಳಿಸಬೇಕು: “ತಟ್ಟೆಯನ್ನು ಅಚ್ಚಿನ ಸುತ್ತಲಿನ ಬಳೆಯಾಕಾರದ ಕಿರುಹೋಳುಗಳಾಗಿ ಒಡೆಯಿರಿ. ಒಂದು ಕಿರುಹೋಳಿನ ಎಲ್ಲ ಭಾಗವೂ ಅಚ್ಚಿನಿಂದ r ದೂರದಲ್ಲಿದೆ. ಹೊರಗೆ ಹೋದಂತೆ ಬಳೆ ದೊಡ್ಡದಾಗುವುದರಿಂದ ಅದರ ದ್ರವ್ಯರಾಶಿಯೂ ಹೆಚ್ಚುತ್ತದೆ.”